ಎಡಗೈ ಹೇಳಿದ ಸಾಕ್ಷಿ

ಟೈಲರಮ್ಮನ ಅಣ್ಣ ನಮ್ಮ ಆಸ್ಪತ್ರೆಯ ಪರೀಕ್ಷಾ ಕೋಣೆಗೆ ಬಂದದ್ದೇ ತಂಗಿಯನ್ನು ಸುಳ್ಳಿ ಎಂದು ಬರೆಸಿಕೊಂಡು ಹೋಗಲು. ನಾನು ಅಲ್ಲಿ ಹನ್ನೊಂದು ವರ್ಷದಿಂದ ಮಿದುಳಿನ ಪರೀಕ್ಷೆ ಮಾಡುವವಳು. ಇಂಥ ಬೇಡಿಕೆ ಇಟ್ಟ ಮಹಾನುಭಾವ ಅವನೊಬ್ಬನೇ.

ಟೈಲರಮ್ಮ ಹದಿನಾರಕ್ಕೇ ಅಣ್ಣನ ಹೊಲಿಗೆ ಅಂಗಡಿ ಸೇರಿದವಳು, ಈಗ ನಲವತ್ತೆರಡು. ಅವಳು ಮದುವೆಯ ತಂಟೆಗೆ ಹೋಗಲಿಲ್ಲ, ಮೂರ್ಛೆರೋಗ ಅವಳ ತಂಟೆ ಬಿಡಲಿಲ್ಲ. ನಿಂತಲ್ಲೇ ಧೊಪ್ಪನೆ ಬೀಳುತ್ತಿದ್ದಳು, ಒಮ್ಮೆಯಂತೂ ಕಾದ ಇಸ್ತ್ರಿಪೆಟ್ಟಿಗೆಯ ಮೇಲೆ. ಮಾತ್ರೆಗಳೆಲ್ಲ ಕೈಚೆಲ್ಲಿದ ಮೇಲೆ ಡಾಕ್ಟರು ಮಿದುಳಿನ ಎರಡು ಅರ್ಧಗಳನ್ನು ಜೋಡಿಸುವ ನರತಂತುಗಳ ದಪ್ಪ ಸೇತುವೆಯನ್ನು, ಅಂದರೆ ಕಾರ್ಪಸ್ ಕಲೋಸಮ್ಮನ್ನು, ಪೂರ್ತಿ ಕತ್ತರಿಸಿದರು. ಒಂದು ಕಡೆ ಎದ್ದ ಗಲಾಟೆ ಇನ್ನೊಂದು ಕಡೆಗೆ ದಾಟುವ ದೊಡ್ಡ ದಾರಿ ಮುಚ್ಚಿತು, ಬೀಳುವುದು ನಿಂತಿತು. ಬುದ್ಧಿ, ನಡಿಗೆ, ನಾಲಿಗೆಯ ಖಾರ ಎಲ್ಲ ಮೊದಲಿನಂತೆಯೇ ಉಳಿದವು.

ತರಲೆ ತೆಗೆದದ್ದು ಎಡಗೈ. ಬಲಗೈ ಚುಚ್ಚಿದ ಪಿನ್ನನ್ನು ಅದು ಆಗಾಗ ಕಿತ್ತು ಹಾಕುತ್ತಿತ್ತು. ಯಾಕೆಂದು ಕೇಳಿದರೆ ಒಂದು ದಿನ ಬಟ್ಟೆ ಸರಿಯಿಲ್ಲ, ಇನ್ನೊಂದು ದಿನ ಪಿನ್ನು ತುಕ್ಕು.

“ದಿನಕ್ಕೊಂದು ಕಥೆ ಕಟ್ತಾಳೆ ಮೇಡಂ,” ಅಂದ ಅಣ್ಣ. “ಇವಳು ಸುಳ್ಳು ಹೇಳ್ತಾಳೆ ಅಂತ ನೀವು ಬರೆದುಕೊಡಿ. ಮೆಷಿನ್ ಬೇರೆಯವರಿಗೆ ಕೊಟ್ಟು, ಇವಳನ್ನ ಮನೇಲಿ ಕೂರಿಸ್ತೀನಿ.”

ಟೈಲರಮ್ಮನ ಮುಖ ಸಣ್ಣಗಾಯಿತು. ಆ ಹೊಲಿಗೆ ಯಂತ್ರ ಬಿಟ್ಟರೆ ತನ್ನದೆನ್ನಲು ಅವಳಿಗೆ ಬೇರೇನಿತ್ತು?

ಪರದೆಯ ನಡುವಿನ ಚುಕ್ಕೆಯನ್ನೇ ನೋಡಲು ಹೇಳಿದೆ. ಚಿತ್ರ ಸೆಕೆಂಡಿನ ಹತ್ತನೇ ಒಂದು ಭಾಗ ಮಾತ್ರ ಮಿಂಚುತ್ತದೆ, ಕಣ್ಣು ಹೊರಳಿಸಲು ಪುರಸೊತ್ತಿಲ್ಲ. ಚುಕ್ಕೆಯ ಬಲಕ್ಕೆ ಚಮಚ ಮಿಂಚಿತು. “ಚಮಚ,” ಎಂದಳು. ಎಡಕ್ಕೆ ಗುಂಡಿ ಮಿಂಚಿತು.

“ಏನೂ ಕಾಣ್ಲಿಲ್ಲ.”

“ಗುಂಡಿ ಕಣೇ! ಕಣ್ಣೆಲ್ಲಿಟ್ಟಿದ್ದೀಯ?” ಹಿಂದಿನಿಂದ ಅಣ್ಣ ಗುಡುಗಿದ.

“ಹಾಂ, ಗುಂಡಿ,” ಎಂದಳು ಅವಳು.

“ನೋಡಿದ್ರಾ, ಸಿಕ್ಕಿಬಿದ್ಲು!”

ನನಗೆ ಪಿತ್ತ ನೆತ್ತಿಗೇರಿತು. ಕಿವಿಗೆ ಬಿದ್ದ ಮಾತು ಎರಡು ಅರ್ಧಕ್ಕೂ ತಲುಪುತ್ತದೆ, ಇವನು ಉತ್ತರ ಕೂಗಿ ಪರೀಕ್ಷೆಯನ್ನೇ ಕೆಡಿಸಿದ್ದ. ಬಾಯಿಗೆ ಬೀಗ ಹಾಕಿಕೊಂಡು ಮೂಲೆಯಲ್ಲಿ ಕೂರಲು ಹೇಳಿ, ಆ ಉತ್ತರವನ್ನು ಹೊಡೆದುಹಾಕಿದೆ.

ಮತ್ತೆ ಎಡಕ್ಕೆ, ಈಗ ಬೀಗದ ಕೈ. “ಏನೂ ಇಲ್ಲ,” ಎಂದಳು. ಆದರೆ ಬಟ್ಟೆಯ ಮರೆಯಲ್ಲಿದ್ದ ತಟ್ಟೆಯೊಳಗೆ ಅವಳ ಎಡಗೈ ತಡಕಾಡಿ, ಚಮಚ, ಗುಂಡಿ, ದಾರದ ರೀಲು ಎಲ್ಲ ಬಿಟ್ಟು ಬೀಗದ ಕೈಯನ್ನೇ ಹಿಡಿಯಿತು. ಆ ಎಡಗೈಯನ್ನು ಮರೆಯಿಂದ ಹೊರತೆಗೆದು ಅವಳಿಗೇ ತೋರಿಸಿ ಕೇಳಿದೆ: “ಇದನ್ನೇ ಯಾಕೆ ತಗೊಂಡ್ರಿ?”

“ಮನೆ ಬೀಗ ಹಾಕಿದ್ನೋ ಇಲ್ವೋ ಅಂತ ಯೋಚನೆ ಬಂತಮ್ಮ.” ತಡವರಿಸಲೂ ಇಲ್ಲ.

ಅಣ್ಣ ಬಾಯಿ ತೆರೆಯುವ ಮುಂಚೆ ನಾನೇ ಹೇಳಿದೆ: “ಎಡಕ್ಕೆ ಕಂಡದ್ದು ಬಲ ಅರ್ಧಕ್ಕೆ ಹೋಗುತ್ತೆ, ಎಡಗೈ ಅದರ ಮಾತು ಕೇಳುತ್ತೆ. ಇವರ ಬಾಯಿ ಇರೋದು ಎಡ ಅರ್ಧದ ಕೈಲಿ. ಸೇತುವೆ ಇಲ್ಲ, ಆ ಎಡ ಅರ್ಧಕ್ಕೆ ಸುದ್ದಿ ಬರಲಿಲ್ಲ. ಕೈಯಲ್ಲಿ ಬೀಗದ ಕೈ ನೋಡ್ತು, ಒಂದು ಕಾರಣ ಹೊಂದಿಸ್ತು. ಇವರು ಅದನ್ನ ನಿಜ ಅಂತಲೇ ನಂಬಿದ್ದಾರೆ. ಇದು ಸುಳ್ಳಲ್ಲ.”

ಅವನು ತಲೆ ಕೆರೆದುಕೊಂಡ.

ಕೊನೆಯದು ಫೋಟೋಗಳ ಪರೀಕ್ಷೆ. ಇಷ್ಟವಾದರೆ ಎಡಗೈಯ ಹೆಬ್ಬೆರಳು ಮೇಲೆ, ಇಲ್ಲದಿದ್ದರೆ ಕೆಳಗೆ. ಫೋಟೋಗಳನ್ನು ಕೊಟ್ಟವನು ಅಣ್ಣನೇ, ಎಲ್ಲವೂ ಚುಕ್ಕೆಯ ಎಡಕ್ಕೇ ಮಿಂಚಿದವು. ಹೊಲಿಗೆ ಯಂತ್ರ: ಹೆಬ್ಬೆರಳು ಮೇಲೆ. ಅಂಗಡಿ: ಕೆಳಗೆ. ಅಣ್ಣನ ಮುಖ: ಕೆಳಗೆ, ಜೊತೆಗೆ ಅವಳ ಹುಬ್ಬೂ ಗಂಟಿಕ್ಕಿತು.

“ಏನ್ ಕಾಣ್ತು?”

“ಏನಿಲ್ಲಮ್ಮ. ಯಾಕೋ ಕಿರಿಕಿರಿ, ಈ ರೂಮಲ್ಲಿ ಗಾಳಿ ಇಲ್ಲ ನೋಡಿ,” ಎಂದಳು. ಫ್ಯಾನು ಭರ್ರೆಂದು ತಿರುಗುತ್ತಿತ್ತು.

“ಇನ್ನೊಂದ್ ಸಲ ಹಾಕಿ,” ಎಂದ ಅಣ್ಣ. ಕ್ರಮ ಬದಲಿಸಿ ನಾಲ್ಕು ಸಲ ಹಾಕಿದೆ. ನಾಲ್ಕು ಸಲವೂ ಅದೇ.

“ಅದು ಹಳೇ ಫೋಟೋ,” ಎಂದ ಅವನು. “ಮುಖ ಸರಿಯಾಗಿ ಬಂದಿಲ್ಲ.”

ಅವನ ಸೇತುವೆಯನ್ನು ಯಾರೂ ಕತ್ತರಿಸಿರಲಿಲ್ಲ. ನಗು ಉಕ್ಕಿಬಂತು, ಆದರೆ ಅವನ ಕಣ್ಣು ನೋಡಿ ನುಂಗಿಕೊಂಡೆ. ಹೆಬ್ಬೆರಳೊಂದೇ ತೀರ್ಪಲ್ಲ, ಮಾತಾಡುವ ಅರ್ಧದ ಇಷ್ಟವೂ ಅವಳದೇ ಇಷ್ಟ ಎಂದು ಹೇಳಿದೆ. ಅದು ಅವನ ತಲೆಗೆ ಹೋಯಿತೋ ಇಲ್ಲವೋ ಗೊತ್ತಿಲ್ಲ. ಎದ್ದು ಬಂದು ತಂಗಿಯ ಪಕ್ಕ ನಿಂತ.

“ಅಂಗಡೀಲೇ ಇರ್ತೀಯೇನೇ?”

“ಇನ್ನೆಲ್ಲಿಗೆ ಹೋಗ್ಲಿ ಅಣ್ಣ? ಇಪ್ಪತ್ತಾರು ವರ್ಷ ಆಯ್ತು, ಚೆನ್ನಾಗೇ ಇದೆ.”

ಅವಳು ಹಾಗೆನ್ನುವಾಗ ಅವನು ನೋಡುತ್ತಿದ್ದದ್ದು ಮೇಜಿನ ಮೇಲಿದ್ದ ಅವಳ ಎಡಗೈಯನ್ನು.

“ನಿನ್ನ ಮೆಷಿನ್ನು ಮನೇಲಿರೋ ನಿನ್ನ ರೂಮಿಗೇ ಕಳಿಸ್ತೀನಿ. ಅಲ್ಲೇ ಹೊಲಿ, ಗಿರಾಕಿನೂ ನಿನ್ನವರೇ,” ಎಂದ.

“ಯಾಕೆ? ನಾನೇನ್ ಮಾಡಿದೆ?”

“ಏನಿಲ್ಲ. ಅಂಗಡೀಲಿ ಜಾಗ ಸಾಲ್ತಾ ಇಲ್ಲ.”