ಎರಡು ಸಲ ಬೆಲ್ ಒತ್ತಿ

ಅಪ್ಪ ತೀರಿಕೊಂಡ ವರ್ಷ ಕತ್ರಿಗುಪ್ಪೆಯ ನಮ್ಮ ಮಹಡಿ ಮನೆ ಜೂನ್‌ವರೆಗೂ ಖಾಲಿಯಿತ್ತು. ಕೊನೆಗೆ ಗದಗದ ಕಡೆಯ ಗಂಡ ಹೆಂಡತಿ ಒಪ್ಪಿಕೊಂಡರು. ಅವರು ಬರುವ ಮುನ್ನ ಬಾಗಿಲಿಗೆ ಬಣ್ಣ ಹೊಡೆಸಬೇಕಿತ್ತು. ಬಾಗಿಲ ಹಿಂದೆ ಅಪ್ಪ ಅಂಟಿಸಿದ್ದ ಸೂಚನೆಯ ಹಾಳೆಯನ್ನು ಅಮ್ಮ ಒದ್ದೆ ಬಟ್ಟೆ ಒತ್ತಿ ಒತ್ತಿ ಹರಿಯದಂತೆ ಬಿಡಿಸಿದರು. ಶಾಯಿ ಮಾಸಿತ್ತು. ಹೊಸದಾಗಿ ಬರೆಯುವ ಕೆಲಸ ನನ್ನದಾಯಿತು. ದಿನಾಂಕ ಹಾಕಿ ಬರೆಯುವುದು ನನಗೆ ಅಭ್ಯಾಸ. ಕಾವೇರಿ ನೀರು ಬಂದ ದಿನಗಳಿಗೂ ಡೈರಿಯಲ್ಲಿ ಗೆರೆ ಹಾಕುತ್ತಿದ್ದೆ.

ಮೊದಲು ಸ್ವಾಗತದ ಒಂದು ಸಾಲು ಬರೆದೆ. ಆಮೇಲೆ ಮಿಕ್ಕದ್ದು. ಕಾವೇರಿ ನೀರು ದಿನ ಬಿಟ್ಟು ದಿನ ನೆಲದಡಿಯ ಸಂಪಿನ ತೊಟ್ಟಿಗೆ ಬರುತ್ತದೆ. ಮೋಟಾರಿನ ಸ್ವಿಚ್ ಮೆಟ್ಟಿಲ ಕೆಳಗಿದೆ, ಟ್ಯಾಂಕ್ ತುಂಬಿದ ಕೂಡಲೇ ಆರಿಸಿ. ಮಹಡಿಗೆ ಕರೆಂಟ್ ಮೀಟರ್ ಬೇರೆ, ಬಿಲ್ಲನ್ನು ಗೇಟಿಗೆ ಸಿಕ್ಕಿಸಿ ಹೋಗುತ್ತಾರೆ. ಕಸದ ತಳ್ಳುಗಾಡಿ ಬೆಳಿಗ್ಗೆ ಬರುತ್ತದೆ, ಸೀಟಿ ಕೇಳಿದಾಗ ಬಕೆಟ್ ತನ್ನಿ, ಎದುರಿನ ಖಾಲಿ ಸೈಟಿಗೆ ಎಸೆಯಬೇಡಿ. ಬೈಕ್ ಗೇಟಿನೊಳಗೆ ನಿಲ್ಲಿಸಿ, ಆದರೆ ಸಂಪಿನ ಮುಚ್ಚಳದ ಮೇಲೆ ಬೇಡ.

ಕೊನೆಯ ಸಾಲಿಗೆ ಬಂದು ಪೆನ್ನು ನಿಂತಿತು. "ಏನಾದರೂ ಕೆಟ್ಟರೆ ಕೆಳಗಿನ ಬೆಲ್ ಎರಡು ಸಲ ಒತ್ತಿ. ಬರುತ್ತೇನೆ" ಎಂದು ಅಪ್ಪ ಬರೆದಿದ್ದರು. ಒಂದು ಸಲ ಬಾರಿಸಿದರೆ ಹಾಲಿನವನೋ ನೆಂಟರೋ. ಎರಡು ಸಲ ಬಾರಿಸಿದರೆ ಮಹಡಿಯವರು. ಆಗ ಅಮ್ಮ ಅಡುಗೆಮನೆಯಿಂದಲೇ, "ರೀ, ನಿಮ್ಗೇ" ಎನ್ನುತ್ತಿದ್ದರು. ಅಪ್ಪ ಪೇಪರ್ ಮಡಚಿಟ್ಟು ಟೂಲ್ಸ್ ಡಬ್ಬಿ ಎತ್ತಿಕೊಳ್ಳುತ್ತಿದ್ದರು. ಹೊರಗಿನ ಪ್ಲಂಬರನ್ನು ಅವರು ಎಂದೂ ಕರೆಸಿದವರಲ್ಲ.

"ಇಲ್ಲಿ ಪ್ಲಂಬರ್ ನಂಬರ್ ಹಾಕ್ತೀನಿ ಅಮ್ಮ. ಇಟ್ಟಮಡು ರೋಡ್ ಹಾರ್ಡ್‌ವೇರ್ ಅಂಗಡೀಲಿ ಕೇಳಿದ್ರೆ ಕೊಡ್ತಾರೆ."

"ಆ ಸಾಲು ಹಾಗೇ ಇರ್ಲಿ."

"ಯಾರು ಬರ್ತಾರೆ ಅಂತ ಬರೀಲಿ?"

"ಬರ್ತೀವಿ ಅಂತ ಬರಿ. ನಾವಿಲ್ವಾ?"

ನಮ್ಮಿಬ್ಬರಿಗೂ ನಲ್ಲಿಯ ವಾಷರ್ ಬದಲಿಸಲು ಬರುತ್ತಿರಲಿಲ್ಲ. ಆದರೂ ಅಮ್ಮನ ಮುಖ ನೋಡಿ ಹಾಗೆಯೇ ಬರೆದೆ.

ಹೊಸಬರು ಬಂದು ಇನ್ನೂ ತಿಂಗಳಾಗಿರಲಿಲ್ಲ. ಒಂದು ಬೆಳಿಗ್ಗೆ ಅಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು, ನಾನು ನಡುಮನೆಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದೆ. ಬೆಲ್ ಎರಡು ಸಲ ಬಾರಿಸಿತು.

"ರೀ, ನಿಮ್ಗೇ."

ಎಂದಿನ ದನಿ, ಎಂದಿನ ಅವಸರ. ಆಮೇಲೆ ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದೊಂದೇ ಉಳಿಯಿತು. ಸಾಸಿವೆ ಸೀದ ವಾಸನೆ ಬಂದರೂ ಅಮ್ಮ ಒಲೆ ಆರಿಸಲಿಲ್ಲ. ನಾನೇ ಹೋಗಿ ಆರಿಸಿದೆ. ಅವರು ಸೌಟು ಹಿಡಿದು ಗೋಡೆಯ ಕಡೆ ತಿರುಗಿ ನಿಂತಿದ್ದರು.

ಬಾಗಿಲು ತೆರೆದೇ ಇತ್ತು. ಮಹಡಿ ಮನೆಯ ಹೆಂಗಸು ಹೊಸ್ತಿಲಾಚೆ ಖಾಲಿ ಕೊಡ ಹಿಡಿದು ನಿಂತಿದ್ದರು. ಅಮ್ಮನ ಮಾತು ಅವರಿಗೂ ಕೇಳಿಸಿತ್ತು. ಅಪ್ಪ ಇಲ್ಲವೆಂದು ಬ್ರೋಕರ್ ಅವರಿಗೆ ಮೊದಲೇ ಹೇಳಿದ್ದ.

"ತಪ್ಪ ತಿಳೀಬ್ಯಾಡ್ರಿ," ಎಂದರು ತಗ್ಗಿದ ದನಿಯಲ್ಲಿ. "ಮೋಟಾರ್ ತಿರಗಾಕತ್ತೈತ್ರಿ, ನೀರ ಮ್ಯಾಲ ಏರವಲ್ದು. ಎರಡ ಸಲ ಒತ್ರಿ ಅಂತ ಬರದಿದ್ರಲ್ರಿ, ಅದಕ್ಕ ಒತ್ತಿದೆ."

"ಸರಿಯಾಗೇ ಮಾಡಿದ್ರಿ," ಎಂದರು ಅಮ್ಮ, ಇನ್ನೂ ಗೋಡೆಗೇ ಮುಖ ಮಾಡಿ. "ಮೋಟಾರ್ ಆಫ್ ಮಾಡಿ ಮೊದ್ಲು. ನೀರಿಲ್ದೆ ಓಡಿದ್ರೆ ಸುಟ್ಟುಹೋಗತ್ತೆ."

ಅಪ್ಪ ಹೀಗಾದಾಗ ಪಂಪಿಗೆ ಚೆಂಬಿನಲ್ಲಿ ನೀರು ಹುಯ್ಯುತ್ತಿದ್ದುದು ಅಮ್ಮನಿಗೆ ನೆನಪಿತ್ತು. ಟೂಲ್ಸ್ ಡಬ್ಬಿಯನ್ನು ಅವರೇ ಹೊತ್ತು ತಂದರು. ಆದರೆ ನೀರು ಹುಯ್ಯಲು ಬಿಚ್ಚಬೇಕಾದ ಪಂಪಿನ ಮೇಲಿನ ಬಿರಡೆಗೆ ಯಾವ ಸ್ಪ್ಯಾನರ್ ಕೂರುತ್ತದೆಂದು ಮೂವರಿಗೂ ತಿಳಿಯಲಿಲ್ಲ. ಅಮ್ಮ ಒಂದೊಂದನ್ನೇ ಇಟ್ಟು ನೋಡಿ, ಸೆರಗಿನಿಂದ ಒರೆಸಿ, ಡಬ್ಬಿಗೆ ಹಾಕಿದರು. ಕೊನೆಯದನ್ನು ಹಾಕಿ ಸಂಪಿನ ಕಟ್ಟೆಯ ಮೇಲೆ ಕುಳಿತುಬಿಟ್ಟರು.

"ಹೋಗು, ಕರ್ಕೊಂಡ್ ಬಾ," ಎಂದರು ನನಗೆ.

ಪ್ಲಂಬರ್ ಸಂಪಿನಿಂದ ಪೈಪ್ ಎಳೆದು, ತುದಿಯ ಫುಟ್‌ವಾಲ್ವ್ ಹೋಗಿದೆ, ನೀರು ಪೈಪಿನಲ್ಲಿ ನಿಲ್ಲುತ್ತಿಲ್ಲ ಎಂದ. ಹೊಸದು ಹಾಕಿ, ಪಂಪಿಗೆ ನೀರು ತುಂಬಿಸಿ ಚಾಲೂ ಮಾಡಿದ. ಟ್ಯಾಂಕಿಗೆ ನೀರು ಬೀಳುವ ಸದ್ದು ಕೇಳಿತು. ಅವನು ಹಳೆಯ ವಾಲ್ವ್ ನೋಡುತ್ತಾ, "ಇದನ್ನ ಯಾರಮ್ಮ ಹಾಕಿದ್ದು? ನೀಟಾಗಿ ಕೂರ್ಸಿದಾರೆ" ಎಂದ. ಅಮ್ಮ ವಾಲ್ವನ್ನು ಕೈಗೆ ಇಸಿದುಕೊಂಡರು.

ಮಧ್ಯಾಹ್ನ ಇನ್ನೊಂದು ಹಾಳೆ ತೆಗೆ ಎಂದರು. ನೀರು, ಕಸ, ಬೈಕು ಎಲ್ಲ ಮೊದಲಿನಂತೆಯೇ ಬರೆದೆ. ಕೊನೆಯದನ್ನು ಅವರೇ ಹೇಳಿ ಬರೆಸಿದರು. ಪ್ಲಂಬರ್, ಎಲೆಕ್ಟ್ರಿಷಿಯನ್, ಅವರ ನಂಬರುಗಳು.

"ಬೆಲ್ಲಿಂದು?" ಎಂದೆ.

ಅಮ್ಮ ಹಳೆಯ ವಾಲ್ವನ್ನು ಟೂಲ್ಸ್ ಡಬ್ಬಿಗೆ ಹಾಕಿ ಮುಚ್ಚಿದರು.

"ಒಂದ್ಸಲ ಒತ್ತಿದ್ರೆ ಸಾಕು ಅಂತ ಬರಿ."

ಹಾಳೆಯನ್ನು ಮಹಡಿಗೆ ತೆಗೆದುಕೊಂಡು ಹೋಗಿ ಮೊದಲಿನದರ ಮೇಲೆ ಅಂಟಿಸಿ ಬಂದೆ. ಅಂದಿನ ಡೈರಿಯಲ್ಲಿ ನೀರಿನ ಗೆರೆ ಹಾಕಿ, ಫುಟ್‌ವಾಲ್ವ್ ಬದಲಾಯಿತು ಎಂದಷ್ಟೇ ಬರೆದೆ. ಮತ್ತೆ ನಮ್ಮ ಮನೆಯ ಬೆಲ್ ಎರಡು ಸಲ ಬಾರಿಸಲಿಲ್ಲ. ಒಂದು ಸಲ ಬಾರಿಸಿದರೆ ಅಮ್ಮ ಸೌಟು ಕೆಳಗಿಟ್ಟು, ಯಾರನ್ನೂ ಕರೆಯದೆ, ತಾವೇ ಬಾಗಿಲಿಗೆ ಹೋಗುತ್ತಿದ್ದರು.