ಐದರಿಂದ ಎಂಟು ಮೀಟರ್

ಅವನನ್ನು ಎಲ್ಲರೂ ಚುಚ್ಚಣ್ಣ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷಗಳಿಂದ ಅವನ ಕೆಲಸ ನೆಲ ಚುಚ್ಚುವುದೇ. ಭಾರದ ಲಾರಿಯನ್ನು ಅಲುಗಾಡದಂತೆ ನಿಲ್ಲಿಸಿ, ಅದರ ತೂಕದ ಬಲದಲ್ಲಿ ಉಕ್ಕಿನ ಸರಳನ್ನು ಸೆಕೆಂಡಿಗೆ ಎರಡು ಸೆಂಟಿಮೀಟರಿನಂತೆ ನೆಲಕ್ಕೆ ಇಳಿಸುತ್ತಿದ್ದ. ಸರಳಿನ ತುದಿಗೆ ಒತ್ತಡ ಅಳೆಯುವ ಮೊನಚು ಕೋನ್. ಮಣ್ಣು ಅದನ್ನು ಎಷ್ಟು ತಡೆಯುತ್ತದೆ ಎಂಬುದು ಪರದೆಯ ಮೇಲೆ ಒಂದು ಗೆರೆ. ಕೋನಿನ ಹಿಂದಿರುವ, ಕೊಳವೆಯಂಥ ಉಕ್ಕಿನ ತೋಳನ್ನು ಎಷ್ಟು ಉಜ್ಜುತ್ತದೆ ಎಂಬುದು ಇನ್ನೊಂದು. ಉಜ್ಜಿದ್ದು ತಡೆದದ್ದರಲ್ಲಿ ಶೇಕಡಾ ಎಷ್ಟು ಎಂಬ ಅನುಪಾತ ನೋಡಿದರೆ ಮಣ್ಣಿನ ಜಾತಿ ತಿಳಿಯುತ್ತದೆ. ಮರಳಿನಲ್ಲಿ ಅದು ಒಂದರ ಆಸುಪಾಸು. ಅಂಟುವ ಜೇಡಿಯಲ್ಲಿ ಮೂರು, ನಾಲ್ಕು. ಬೇರು, ಎಲೆ ಕೊಳೆತು ಆದ ಕಪ್ಪು ಮಣ್ಣಿನಲ್ಲಿ ಆರು, ಏಳು, ಎಂಟು.

ಆ ದಿನ ಬೆಳಿಗ್ಗೆ ಲಾರಿ ನಿಂತಿದ್ದು ಅವನ ಅಕ್ಕನ ಮನೆಯ ಅಂಗಳದಲ್ಲಿ. ಒಂದೇ ಸಾಲಿನ ಹದಿನಾಲ್ಕು ಮನೆಗಳಲ್ಲಿ ಅದು ಮೂರನೆಯದು. ಅಡುಗೆಮನೆಯ ಗೋಡೆಯಲ್ಲಿ ಬೆರಳು ತೂರುವಷ್ಟು ಬಿರುಕು. ಬಾಗಿಲು ಚಿಲಕಕ್ಕೆ ಕೂರುತ್ತಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಈ ಜಾಗವನ್ನು ಚುಚ್ಚಿದ್ದವನೂ ಅವನೇ. ಐದರಿಂದ ಎಂಟು ಮೀಟರಿನವರೆಗೆ ಮೆತ್ತಗಿನ ಪದರವೊಂದಿತ್ತು, ಆದರೆ ಅನುಪಾತ ಬರೀ ಒಂದು. ಸಡಿಲ ಮರಳು ಎಂದು ಬರೆದಿದ್ದ. ಮರಳಾದರೆ ಮನೆ ಕಟ್ಟುವಾಗಲೇ ಕೂರುವಷ್ಟು ಕೂತು ಸುಮ್ಮನಾಗುತ್ತದೆ. ಆ ಹಾಳೆ ನಂಬಿ ಎಂಜಿನಿಯರರು ಆಳದ ಕಂಬಗಳನ್ನು ಕೈಬಿಟ್ಟಿದ್ದರು. ಅಕ್ಕನಿಗೂ ಅವನೇ ಹೇಳಿದ್ದ, "ಕಣ್ಮುಚ್ಚಿಕೊಂಡು ತಗೋ."

"ಏನಂತೆ ನಿನ್ನ ಸೂಜಿ?" ಲಾರಿಯ ಮೆಟ್ಟಿಲ ಬಳಿ ಬಂದ ಅಕ್ಕ ಕೇಳಿದಳು. "ನಿಮ್ಮ ಭಾವ ನನ್ನ ತೂಕಕ್ಕೇ ಮನೆ ಕುಸಿದಿದೆ ಅಂತಾರೆ."

"ಭಾವನ ಬಾಯಿಗೆ ಬೀಗ ಹಾಕು. ಈಗಿನ್ನೂ ಮೂರು ಮೀಟರ್ ಇಳಿದಿದೆ ಕಣಕ್ಕ."

ಮೇಲೆ ತುಂಬಿಸಿದ ಮರಳು ಸರಿಯಾಗಿತ್ತು. ತಡೆ ಎಂಟು ಮೆಗಾಪ್ಯಾಸ್ಕಲ್, ಅನುಪಾತ ಒಂದರೊಳಗೆ. ಐದು ಮೀಟರ್ ದಾಟುತ್ತಲೇ ತಡೆಯ ಗೆರೆ ಕಡಿದು ಬಿದ್ದಂತೆ ಸೊನ್ನೆಯ ಪಕ್ಕಕ್ಕೆ ಬಂತು. 0.4, ಅಂದರೆ ನಾನೂರು ಕಿಲೋಪ್ಯಾಸ್ಕಲ್. ಅಲ್ಲಿಯವರೆಗೂ ಅವನಿಗೆ ಆಸೆಯಿತ್ತು, ಏಕೆಂದರೆ ಹಳೆಯ ಹಾಳೆಯಲ್ಲೂ ಅಷ್ಟೇ ಇತ್ತು. ಆಮೇಲೆ ಉಜ್ಜುವ ಗೆರೆ ನೋಡಿದ. ಹಿಂದೆ ನಾಲ್ಕು ಕಿಲೋಪ್ಯಾಸ್ಕಲ್ ಇದ್ದದ್ದು ಈಗ ಮೂವತ್ತು. ಅನುಪಾತ ಏಳೂವರೆ. ಎಂಟು ಮೀಟರಿನವರೆಗೂ ಅದು ಕೆಳಗಿಳಿಯಲಿಲ್ಲ.

ಕೋನ್ ಕೆಟ್ಟಿರಬೇಕು, ಎಂದುಕೊಂಡ. ಸರಳುಗಳನ್ನು ಒಂದೊಂದಾಗಿ ಮೇಲೆಳೆದು, ಕೋನನ್ನು ತೊಳೆದು, ಗಾಳಿಯಲ್ಲಿ ತೂಗುಬಿಟ್ಟು ಸೊನ್ನೆ, ಅಂದರೆ ಏನೂ ತಾಗದಿರುವಾಗ ಅದು ತೋರಿಸುವ ಅಂಕಿ, ನೋಡಿದ. ಇಳಿಸುವ ಮೊದಲು ಎಷ್ಟಿತ್ತೋ ಈಗಲೂ ಅಷ್ಟೇ. ಕೋನಿನ ತಪ್ಪಿರಲಿಲ್ಲ.

ಕಚೇರಿಯಿಂದ ತಂದಿದ್ದ ಹಳೆಯ ಹಾಳೆಯನ್ನು ಆಗ ಕೊನೆಯ ಸಾಲಿನವರೆಗೂ ಓದಿದ. ತಳದಲ್ಲಿ ಅವನದೇ ಕೈಬರಹ: ಕೊನೆಯ ಸೊನ್ನೆ, ತೋಳು, ಮೈನಸ್ ಇಪ್ಪತ್ತಾರು. ಅಂದರೆ ಅಂದು ತೋಳು ಪ್ರತಿ ಅಂಕಿಯನ್ನೂ ಇಪ್ಪತ್ತಾರರಷ್ಟು ಕಡಿಮೆ ಹೇಳಿತ್ತು. ಗಟ್ಟಿ ಮರಳಿನಲ್ಲಿ ಅದರಿಂದ ಏನೂ ಕೆಡುವುದಿಲ್ಲ, ಮರಳು ಮರಳಾಗಿಯೇ ಕಾಣುತ್ತದೆ. ಮೆತ್ತಗಿನ ಪದರದಲ್ಲಿ ಮಾತ್ರ ಮಣ್ಣಿನ ಜಾತಿಯೇ ಬದಲಾಗಿಬಿಡುತ್ತದೆ. ನಾಲ್ಕಕ್ಕೆ ಇಪ್ಪತ್ತಾರು ಕೂಡಿಸಿದ. ಮೂವತ್ತು. ಅಂದು ಬರೆದಿದ್ದ, ಬರೆದದ್ದನ್ನು ನೋಡಿರಲಿಲ್ಲ.

ಅಕ್ಕ ಎರಡು ಲೋಟ ಚಹಾ ಹಿಡಿದು ಬಂದಳು. ಅವನ ಮುಖ ನೋಡಿ ಲೋಟಗಳನ್ನು ಮೆಟ್ಟಿಲ ಮೇಲಿಟ್ಟಳು.

"ಹೇಳು. ಸುತ್ತಿಬಳಸಬೇಡ."

"ಮರಳಲ್ಲ ಅಕ್ಕ. ಕೊಳೆತ ಮಣ್ಣು. ಮೂರು ಮೀಟರ್ ದಪ್ಪ."

"ಅಂದ್ರೆ?"

"ಒತ್ತಿದಷ್ಟೂ ಕೂರುತ್ತೆ. ಇನ್ನೂ ಎಷ್ಟೋ ವರ್ಷ."

"ಬಿರುಕಿಗೆ ಸಿಮೆಂಟು ಮೆತ್ತಿದ್ರೆ?"

"ಮತ್ತೆ ಬಿಡುತ್ತೆ."

ಅವಳು ಗೋಡೆಯತ್ತ ತಿರುಗಿದಳು. "ಆವಾಗ ಮರಳು ಅಂದಿದ್ಯಲ್ಲೋ."

"ನಾನೇ ತಪ್ಪು ಓದಿದೆ." ಹಾಳೆಯನ್ನು ಅವಳತ್ತ ಚಾಚಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟ. ಅವಳು ಹಾಳೆ ನೋಡಲಿಲ್ಲ, ಅವನ ಬೆರಳನ್ನು ನೋಡಿದಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಬೈಯಲಿಲ್ಲ.

"ನಿಮ್ಮ ಭಾವನಿಗೆ ನೀನೇ ಹೇಳು. ನನ್ನ ಕೈಲಾಗಲ್ಲ," ಎಂದು ಒಳಗೆ ಹೋದಳು. ಬಾಗಿಲನ್ನು ಎರಡು ಸಲ ಎಳೆದರೂ ಅದು ಮುಚ್ಚಲಿಲ್ಲ. ಹಾಗೇ ಬಿಟ್ಟಳು.

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಗೋಡೆಯಾಚೆಯಿಂದ ಕತ್ತು ಚಾಚಿದರು. "ಚುಚ್ಚಣ್ಣ, ಹೇಗೂ ಲಾರಿ ಬಂದಿದೆ, ನಮ್ಮ ಅಂಗಳದಲ್ಲೂ ಒಂದು ಚುಚ್ಚಿಬಿಡಪ್ಪ. ನಮ್ಮದು ಗಟ್ಟಿ ಇದ್ದರೂ ಇರಬಹುದು, ಅಲ್ವೇ?"

ಹತ್ತು ಹೆಜ್ಜೆ ಆಚೆ ಮಣ್ಣು ಬೇರೆ ಇರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ಕೋನನ್ನು ಮತ್ತೆ ತೊಳೆದು, ಸೊನ್ನೆ ನೋಡಿ, ಹೊಸ ಹಾಳೆಯ ಮೊದಲ ಸಾಲಿನಲ್ಲಿ ಬರೆದುಕೊಂಡ. ಆಮೇಲೆ ಲಾರಿಯನ್ನು ನಿಧಾನವಾಗಿ ಹಿಂದಕ್ಕೆ ತೆಗೆದ. ಮೇಷ್ಟ್ರು ಆಗಲೇ ದಾರಿಗಡ್ಡವಿದ್ದ ಹೂಕುಂಡಗಳನ್ನು ಒಂದೊಂದಾಗಿ ಎತ್ತಿಡುತ್ತಿದ್ದರು.