ಬಲ ತೋಳಿನ ಚುಕ್ಕೆಗಳು

ಆ ನೀಲಿ ಕುರ್ತಾವನ್ನು ಕೊಡವಿದ್ದೇ ತಡ, ಪೌಡರಕ್ಕನ ಎದೆ ಧಸಕ್ಕೆಂದಿತು.

ಪೌಡರಕ್ಕ ಅಂದರೆ ಮಹಡಿ ಮೆಟ್ಟಿಲಿನ ಕೆಳಗಿರುವ ಗೂಡಿನಂಥ ಜಾಗದಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವವಳು. ಅವಳ ನಿಜವಾದ ಹೆಸರು ಬೀದಿಯವರಿಗೆ ಮರೆತೇ ಹೋಗಿದೆ. ಮುಖಕ್ಕೆ ಒಂದು ದಿನವೂ ಪೌಡರ್ ಬಳಿದುಕೊಂಡವಳಲ್ಲ, ಇರುವ ಪುಡಿಯೆಲ್ಲ ಬಟ್ಟೆಗೇ. "ನಿನ್ನ ಹತ್ರ ಬಂದ ಬಟ್ಟೆಗಳೇ ನಿನಗಿಂತ ಸಿಂಗಾರ ಮಾಡ್ಕೊಂಡು ಹೋಗ್ತವಲ್ಲೇ" ಎಂದು ಎದುರು ಅಂಗಡಿಯ ದರ್ಜಿ ರೇಗಿಸುವುದುಂಟು. ರೇಗಿಸಿದರೇನು, ತನ್ನ ಅಂಗಿಗೆ ಎಣ್ಣೆ ಬಿದ್ದ ದಿನ ಅವನೂ ಬಾಲ ಮುದುರಿಕೊಂಡು ಬರುವುದು ಇಲ್ಲಿಗೇ.

ಹಳೆಯ ಎಣ್ಣೆ ಕಲೆ ತೆಗೆಯುವುದರಲ್ಲಿ ಅವಳದು ಎತ್ತಿದ ಕೈ. ಜಿಡ್ಡಿಗೆ ಮೊದಲು ನೀರು ತೋರಿಸಬಾರದು ಎನ್ನುವುದು ಅವಳ ಹಟ. ಬಟ್ಟೆ ಒಣಗಿರುವಾಗಲೇ ಒಳಗೊಂದು ರಟ್ಟು ತೂರಿಸುತ್ತಾಳೆ, ಇಲ್ಲದಿದ್ದರೆ ಎದೆಯ ಜಿಡ್ಡು ಬೆನ್ನಿಗೆ ಇಳಿಯುತ್ತದೆ. ಕಲೆಯ ಮೇಲೆ ಕಾರ್ನ್‌ಫ್ಲೋರ್ ಧಾರಾಳವಾಗಿ ಉದುರಿಸಿ, ಬೆರಳಿನಿಂದ ಒತ್ತಿ, ಬೇರೆ ಕೆಲಸ ನೋಡಿಕೊಳ್ಳುತ್ತಾಳೆ. ಪುಡಿ ಹೀರುವಷ್ಟು ಹೀರಿದ ಮೇಲೆ ಕೊಡವುತ್ತಾಳೆ. ಹೊಸ ಕಲೆಯಾದರೆ ಅಷ್ಟಕ್ಕೇ ಅರ್ಧ ಹೋಗುತ್ತದೆ. ಹಳೆಯದು ಜಪ್ಪಯ್ಯ ಅನ್ನುವುದಿಲ್ಲ. ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಬೇಕು, ನೀರು ಬೆರೆಸದೆ. ಸವೆದ ಹಲ್ಲುಜ್ಜುವ ಬ್ರಷ್ಷಿನಿಂದ ಒಳಮೈಗೂ ಹೊರಮೈಗೂ ಮೆಲ್ಲಗೆ ತಿಕ್ಕಿ, ಅದು ಜಿಡ್ಡಿನೊಳಗೆ ಇಳಿಯುವವರೆಗೆ ಬಿಟ್ಟು, ಆಮೇಲೆ ಬಟ್ಟೆ ತಡೆಯುವಷ್ಟು ಬಿಸಿಯ ನೀರಿನಲ್ಲಿ ಜಾಲಿಸಬೇಕು. ನೆರಳಲ್ಲಿ ಆರಹಾಕಿ, ಪೂರ್ತಿ ಒಣಗಿದ ಮೇಲೆ ಬೆಳಕಿಗೆ ಹಿಡಿದು ನೋಡಬೇಕು. ಕಲೆ ಉಳಿದಿದ್ದರೆ ಮತ್ತೆ ಮೊದಲಿನಿಂದ. ಯಾಕೆಂದರೆ ಒದ್ದೆ ಬಟ್ಟೆಯಷ್ಟು ಸುಳ್ಳುಗಾರ ಮತ್ತೊಬ್ಬನಿಲ್ಲ. ಒದ್ದೆಯಿದ್ದಾಗ ಎಲ್ಲವೂ ಹೋಯಿತು ಅನ್ನಿಸುತ್ತದೆ. ಅದನ್ನು ನಂಬಿ ಇಸ್ತ್ರಿ ಎಳೆದರೆ ಆ ಕಾವಿಗೆ ಜಿಡ್ಡು ನೂಲಿಗೆ ಕಚ್ಚಿಕೊಂಡು, ಮತ್ತೆ ದೇವರೇ ಬಂದರೂ ಬಿಡುವುದಿಲ್ಲ.

ಈ ಬುದ್ಧಿ ಅವಳಿಗೆ ಬಂದಿದ್ದು ಚಿಕ್ಕವಳಿದ್ದಾಗ, ಒಂದು ಬಟ್ಟೆ ಕೆಡಿಸಿಕೊಂಡ ಮೇಲೆ. ಅಮ್ಮ ಏನಾದರೂ ಕರಿಯುವಾಗ ತನ್ನ ಬಟ್ಟೆಯ ಮೇಲೆ ಅಪ್ಪನ ಹಳೆಯ ಬಿಳಿ ಕುರ್ತಾ ಏರಿಸಿಕೊಳ್ಳುತ್ತಿದ್ದಳು. ಅದರ ಹೊಟ್ಟೆಯ ಮೇಲೆ, ಬಲ ತೋಳಿನ ತುದಿಯಲ್ಲಿ ಸಿಡಿದ ಎಣ್ಣೆಯ ಸಣ್ಣ ಸಣ್ಣ ಚುಕ್ಕೆಗಳು ತುಂಬಿದ್ದವು. ಅಮ್ಮನಿಗೆ ಖುಷಿಯಾಗಲಿ ಎಂದು ಹುಡುಗಿ ಅದನ್ನು ತಾನೇ ಒಗೆದು, ಅರೆಬರೆ ಒದ್ದೆ ಇರುವಾಗಲೇ ಕಾದ ಇಸ್ತ್ರಿ ಒತ್ತಿದ್ದಳು. ಚುಕ್ಕೆಗಳೆಲ್ಲ ಕಂದು ಬಣ್ಣಕ್ಕೆ ತಿರುಗಿ ಅಲ್ಲೇ ನಿಂತವು. ಅಮ್ಮ ಬೈಯಲಿಲ್ಲ, ನಕ್ಕಳು. ಅಮ್ಮ ತೀರಿಕೊಂಡ ಮೇಲೆ ಆ ಕುರ್ತಾವನ್ನು ಬಿಸಾಡಲು ಮನಸ್ಸು ಬರದೆ, ಪೌಡರಕ್ಕ ಅದನ್ನು ಇಸ್ತ್ರಿ ಮೇಜಿನ ಕಂಬಳಿಯ ಅಡಿಯಲ್ಲಿ ಹಾಸಿಕೊಂಡಿದ್ದಳು.

ಈಗ ಅವಳ ಕೈಯಲ್ಲಿದ್ದ ನೀಲಿ ಕುರ್ತಾ ಅಪ್ಪನದು. ಡಿಪೋದಲ್ಲಿ ಬಸ್ಸುಗಳ ಹೊತ್ತು ನೋಡಿಕೊಳ್ಳುತ್ತಿದ್ದ ಅಪ್ಪ ಈಗ ನಿವೃತ್ತ, ಅಣ್ಣನ ಮನೆಯಲ್ಲಿ ಇರುತ್ತಾನೆ. ಆಗಾಗ ಒಂದು ಗಂಟು ಕುರ್ತಾ ತಂದು ಹಾಕುತ್ತಾನೆ. ಎಲ್ಲವೂ ಬಿಳಿ ಇಲ್ಲವೇ ತೆಳು ಹಳದಿ, ಎಲ್ಲದರ ಮೇಲೂ ಹಳಸಿದ ಎಣ್ಣೆ ಕಲೆ. "ಕೈ ನಡುಗುತ್ತಮ್ಮ, ಊಟ ಚೆಲ್ಕೋತೀನಿ" ಅನ್ನುತ್ತಾನೆ. "ಮಗು ಥರ ಆಡ್ತೀಯಲ್ಲಪ್ಪ" ಎಂದು ಗದರುತ್ತ ಅವಳು ಒಂದೊಂದು ಕಲೆಯನ್ನೂ ತೆಗೆದುಕೊಡುತ್ತಿದ್ದಳು. ಅನುಮಾನದ ಸುಳಿವೂ ಇರಲಿಲ್ಲ.

ಗಾಢ ಬಣ್ಣದ್ದು ಬಂದಿದ್ದು ಇದೇ ಮೊದಲು. ಬಿಳಿಯ ಮೇಲೆ ಬಿಳಿ ಪುಡಿ ಎದ್ದು ಕಾಣುತ್ತಿರಲಿಲ್ಲ. ಕೊಡವಿದಾಗ ಬಿಡಿ ಪುಡಿ ಹಾರಿಹೋಗಿ, ಜಿಡ್ಡಿದ್ದ ಕಡೆಯೆಲ್ಲ ಬೆಳ್ಳಗೆ ಅಂಟಿ ನಿಂತಿತು. ಊಟ ಚೆಲ್ಲಿದರೆ ಎದೆಗೆ, ತೊಡೆಗೆ ದೊಡ್ಡ ಹನಿಯಾಗಿ ಬೀಳಬೇಕು. ಇಲ್ಲಿ ತೊಡೆಯ ಜಾಗ ಹೊಸದರಂತೆ ಇತ್ತು. ಹೊಟ್ಟೆಯ ಮೇಲೆ, ಬಲ ತೋಳಿನ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಚುಕ್ಕೆಗಳು ಒತ್ತೊತ್ತಾಗಿ ಕುಳಿತಿದ್ದವು.

ಇದು ಥೇಟ್ ಅಮ್ಮನ ಕುರ್ತಾದ ಚುಕ್ಕೆಗಳೇ, ಅಂದುಕೊಂಡಳು. ಒಂದು ಕ್ಷಣ ಅವಳಿಗೆ ಮೈಯೆಲ್ಲ ತಣ್ಣಗಾಯಿತು.

ಬಾಣಲೆಯ ಮುಂದೆ ನಿಲ್ಲದೆ ಇಂಥ ಚುಕ್ಕೆ ಬೀಳುವುದಿಲ್ಲ. ಅಂದರೆ ಅಣ್ಣನ ಮನೆಯಲ್ಲಿ ಈ ವಯಸ್ಸಿನ ಅಪ್ಪನನ್ನು ಒಲೆಯ ಮುಂದೆ ನಿಲ್ಲಿಸಿದ್ದಾರೆ. ಅವಳ ತಣ್ಣನೆಯ ಮೈ ಈಗ ಕುದಿಯತೊಡಗಿತು. ಪುಡಿ ಮೆತ್ತಿದ ಕುರ್ತಾವನ್ನು ಹಾಗೇ ಹಿಡಿದುಕೊಂಡು, ಚಪ್ಪಲಿ ಹಾಕಿದ್ದಾಳೋ ಇಲ್ಲವೋ ಎಂದೂ ನೋಡದೆ ಹೊರಟಳು.

ಬಾಗಿಲು ತೆಗೆದ ಅತ್ತಿಗೆಯ ಮುಖಕ್ಕೇ ಕುರ್ತಾ ಹಿಡಿದಳು. "ಇದೇನತ್ತಿಗೆ? ಅಪ್ಪನ ಕೈಲಿ ಅಡುಗೆ ಮಾಡಿಸ್ತಿದ್ದೀರಾ?"

ಅತ್ತಿಗೆ ಕಣ್ಣು ಬಾಯಿ ಬಿಟ್ಟುಕೊಂಡು ನಿಂತಳು. "ಮಾವನ ಕೈಲಾ? ಒಂದು ಹುಲ್ಲುಕಡ್ಡಿ ಎತ್ತಿ ಆಚೆ ಇಡೋರಲ್ಲ ಅವರು. ಕುಡಿಯೋ ನೀರೂ ಕೈಗೇ ಬರ್ಬೇಕು. ನಮ್ಮನೇಲಿ ಒಲೆ ಯಾವ ಕಡೆ ಇದೆ ಅಂತ ಕೇಳಿ ನೋಡು ಅವರನ್ನ."

"ಹಾಗಿದ್ರೆ ಈ ಕಲೆ ಎಲ್ಲಿಂದ ಬಂತು?"

"ನಂಗೇನು ಗೊತ್ತು? ತಮ್ಮ ಬಟ್ಟೆ ನಮಗೆ ಮುಟ್ಟೋಕೂ ಬಿಡಲ್ಲ. ತಾವೇ ಬಾತ್‌ರೂಮಲ್ಲಿ ಸೋಪು ಹಾಕಿ ಜಾಲಿಸಿ, ತಾವೇ ಒಣಗಿಸಿ, ಎಷ್ಟೋ ದಿನ ಗಂಟು ಕಟ್ಟಿಟ್ಟು, ನಿನಗೆ ತಂದು ಕೊಡ್ತಾರೆ. ತಿಂಡಿ ತಿಂದವರೇ ವಾಕಿಂಗ್ ಅಂತ ಹೋಗ್ತಾರೆ, ಊಟದ ಹೊತ್ತು ದಾಟಿದ ಮೇಲೇ ಬರೋದು. ಹಳೇ ಡಿಪೋ ಕಡೆ ಹೋಗ್ತೀನಿ ಅಂತಾರೆ."

ಕಲೆ ಮುಚ್ಚಿಡಲು ಹೋಗಿ ಅಪ್ಪನೇ ಅದನ್ನು ಗಂಟಿನಲ್ಲಿ ಹಳಸಲು ಬಿಟ್ಟಿದ್ದ. ಹೊಸ ಕಲೆಗಳೆಲ್ಲ ಅವಳ ಕೈಗೆ ಬರುವಷ್ಟರಲ್ಲಿ ಹಳೆಯವಾಗುತ್ತಿದ್ದುದು ಇದಕ್ಕೇ. ಉಳಿದದ್ದನ್ನು ಅಳಿಸಿ ಪೂರ್ತಿ ಮುಚ್ಚಿಕೊಟ್ಟವಳು ಮಾತ್ರ ತಾನು. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಸುಮ್ಮನೆ ಅಲ್ಲ.

ಡಿಪೋದ ಹಿಂದೆ ತಗಡಿನ ಚಾವಣಿಯ ಕ್ಯಾಂಟೀನು. ಡ್ರೈವರುಗಳು ನಿಂತು ತಿನ್ನುತ್ತಿದ್ದರು. ತಿಂಡಿ ಕೊಡುವ ಕಿಟಕಿಯಲ್ಲಿ ಪೌಡರಕ್ಕ ಇಣುಕಿದಳು. ಒಳಗೆ ದೊಡ್ಡ ಬಾಣಲೆಯ ಮುಂದೆ ಅಪ್ಪ ನಿಂತಿದ್ದ. ಬಲಗೈಯಲ್ಲಿ ಜಾಲರಿ ಸೌಟು. ಆಲೂಗಡ್ಡೆಯ ಹೋಳುಗಳನ್ನು ಮಗುಚುತ್ತ, ಎಣ್ಣೆ ಬಸಿಯಲು ಬಾಣಲೆಯ ಅಂಚಿಗೆ ಸೌಟನ್ನು ತಟ್ಟುತ್ತಿದ್ದ. ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ.

ಮನೆಯಲ್ಲಿ ಹಾಲು ಉಕ್ಕಿ ಹರಿದರೂ ಎದ್ದು ಒಲೆ ಆರಿಸದೆ, "ಏ, ಹಾಲು" ಎಂದು ಕೂಗುತ್ತಿದ್ದ ಅಪ್ಪ ಇವನೇನಾ?

ಕಿಟಕಿಯ ಬಳಿ ನಿಂತಿದ್ದ ಕ್ಯಾಂಟೀನಿನ ಒಡತಿ ಅವಳನ್ನು ಗಿರಾಕಿ ಅಂದುಕೊಂಡಳು. "ಏನು ಕೊಡ್ಲಿ? ಬಿಸಿ ಬಿಸಿ ಈಗ ತೆಗೀತಿದ್ದಾರೆ."

"ಅವರು ಎಷ್ಟು ದಿನದಿಂದ ಇಲ್ಲಿದ್ದಾರೆ?"

"ನನ್ನ ಕೈ ಸುಟ್ಕೊಂಡಾಗಿಂದ." ಒಡತಿ ತನ್ನ ಸುಕ್ಕುಗಟ್ಟಿದ ಅಂಗೈ ತೋರಿಸಿದಳು. "ಚಹಾ ಕುಡಿಯೋಕೆ ಬಂದೋರು, ಕಷ್ಟ ನೋಡಿ ಸೌಟು ಇಸ್ಕೊಂಡ್ರು. ಮೊದಮೊದಲು ಎಲ್ಲಾ ಕರಕಲು. ಈಗ ನನಗೇ ಪಾಠ ಹೇಳ್ತಾರೆ."

ಮಾತು ಕೇಳಿ ಅಪ್ಪ ತಿರುಗಿದ. ಮಗಳ ಮುಖ, ಅವಳ ಕೈಯ ನೀಲಿ ಕುರ್ತಾ, ಅದರ ಮೇಲಿನ ಬಿಳಿ ಚುಕ್ಕೆಗಳು, ಒಂದೊಂದಾಗಿ ಎಲ್ಲವನ್ನೂ ನೋಡಿದ. ಒಲೆ ಆರಿಸಿದ.

"ಅಪ್ಪ, ಇವರಿಗೆ ಹಿಡಿದ ಸೌಟನ್ನ ಅಮ್ಮನಿಗೆ ಒಂದು ದಿನ ಹಿಡಿದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ತಿನ್ನುತ್ತಿದ್ದವರ ಕೈ ನಿಂತಿತು. ಅವಳು ಅಲ್ಲಿ ನಿಲ್ಲಲಿಲ್ಲ. ದಾರಿಯುದ್ದಕ್ಕೂ ಅಳು ಬರುತ್ತದೆ ಅಂದುಕೊಂಡಳು. ಬರಲಿಲ್ಲ, ಬರೀ ತಲೆ ಜುಮ್ಮೆನ್ನುತ್ತಿತ್ತು.

ಸಂಜೆ ಅವನೇ ಬಂದ. ಮೆಟ್ಟಿಲಿನ ಕೆಳಗೆ ತಲೆ ಬಗ್ಗಿಸಿ ನಿಂತ. ಪೌಡರಕ್ಕ ಇಸ್ತ್ರಿ ಮೇಜಿನ ಕಂಬಳಿ ಸರಿಸಿ, ಅಡಿಯ ಬಿಳಿ ಕುರ್ತಾ ಎಳೆದು ಅವನ ಮುಂದೆ ಹರಡಿದಳು. ಪಕ್ಕದಲ್ಲಿ ನೀಲಿಯದು. ಹೊಟ್ಟೆಯ ಮೇಲೆ ಚುಕ್ಕೆ, ತೋಳಿನ ಮೇಲೆ ಚುಕ್ಕೆ. ಜಾಗ ಕೂಡ ಒಂದೇ.

"ಇದು ಯಾರದು?" ಅಪ್ಪ ಕೇಳಿದ.

"ನಿನ್ನದೇ. ಹಾಕ್ಕೋತಿದ್ದಿದ್ದು ಅಮ್ಮ."

ಅವನು ಬಿಳಿ ತೋಳನ್ನು ಎತ್ತಿ ಬಹಳ ಹೊತ್ತು ನೋಡಿದ. ಆಮೇಲೆ ತನ್ನ ಬಲ ತೋಳು ಮಡಚಿ ಮಣಿಕಟ್ಟನ್ನು ಮುಂದೆ ಚಾಚಿದ. ಅಲ್ಲಿ ಒಣಗಿದ ಗಾಯದ ಕಪ್ಪು ಚುಕ್ಕೆಗಳಿದ್ದವು.

"ಮೊದಲನೇ ದಿನವೇ ಸಿಡೀತು. ಗುಳ್ಳೆ ಎದ್ದು, ಒಣಗಿ, ಹೀಗಾಯ್ತು. ಇದನ್ನ ನೋಡ್ದಾಗಲೇ ನಂಗೆ..." ಅವನು ನಿಲ್ಲಿಸಿದ. "ನಿಮ್ಮಮ್ಮನ ಕೈ ತುಂಬ ಇಂಥವೇ ಇದ್ವಲ್ಲ. ಅವು ಹುಟ್ಟು ಮಚ್ಚೆ ಅಂದ್ಕೊಂಡಿದ್ದೆ ನಾನು."

ಪೌಡರಕ್ಕನಿಗೆ ಬೆಳಗ್ಗಿನಿಂದ ಬಿದ್ದ ಪೆಟ್ಟುಗಳೆಲ್ಲ ಇದರ ಮುಂದೆ ಏನೂ ಅಲ್ಲ ಅನ್ನಿಸಿತು. ಒಂದೇ ಮನೆಯಲ್ಲಿ, ಇಬ್ಬರ ಇಡೀ ಸಂಸಾರ ಕಳೆದಿತ್ತು. ಅಷ್ಟೂ ಕಾಲ ಅಮ್ಮನ ಆ ಕೈಯಿಂದಲೇ ಇವನ ತಟ್ಟೆಗೆ ಬಿಸಿ ಬಿಸಿ ಬೀಳುತ್ತಿತ್ತು.

"ಒಂದ್ಸಲ ಕೇಳಿದ್ರೆ ಹೇಳ್ತಿದ್ಲಪ್ಪ."

"ಹೂಂ."

ಅಪ್ಪ ಬಿಳಿ ತೋಳನ್ನು ಹೆಬ್ಬೆರಳಿನಿಂದ ಸವರಿದ. "ಇದು ಹೋಗುತ್ತಾ?"

"ಇಲ್ಲ. ಇದು ಕಾದ ಇಸ್ತ್ರಿ ತಿಂದಿದೆ."

ಅವನ ಕಣ್ಣು ತುಂಬಿದ್ದನ್ನು ಅವಳು ನೋಡಿದಳು. ಸಿಟ್ಟು ಇನ್ನೂ ಇತ್ತು, ಎಲ್ಲಿಗೂ ಹೋಗಿರಲಿಲ್ಲ. ನೀಲಿ ಕುರ್ತಾದೊಳಗೆ ರಟ್ಟು ತೂರಿಸಿ, ತಾನೇ ಹೊಟ್ಟೆಯ ಭಾಗಕ್ಕೆ ಲಿಕ್ವಿಡ್ ಹಾಕಿ ತಿಕ್ಕಿದಳು. ತೋಳಿನ ಹತ್ತಿರ ಬಂದಾಗ ಅವಳ ಕೈ ನಿಂತಿತು. ಬ್ರಷ್ಷನ್ನು ಅಪ್ಪನ ಕಡೆ ಚಾಚಿದಳು.

"ಇದು ನೀನು ತಿಕ್ಕು."

ಅವನು ಬ್ರಷ್ ಇಸಿದುಕೊಂಡು ಪಕ್ಕದ ಬಕೆಟ್ಟಿನಲ್ಲಿ ಅದ್ದಲು ಹೋದ.

"ನೀರು ಬೇಡ," ಅಂದಳು. "ಮೊದಲು ಕಲೆ ಎಲ್ಲೆಲ್ಲಿದೆ ಅಂತ ನೋಡು."

ಅಪ್ಪ ಬಗ್ಗಿ, ಮೂಗು ಬಟ್ಟೆಗೆ ತಾಗುವಷ್ಟು ಹತ್ತಿರ ಹೋಗಿ, ಒಂದೊಂದು ಚುಕ್ಕೆಯನ್ನೂ ಹುಡುಕಿ ಹುಡುಕಿ ತಿಕ್ಕತೊಡಗಿದ.